ಪ್ರಶ್ನೆ ತಲುಪಿತೇ, ಉತ್ತರ ಯಾರದು? – ಕಿವುಡ ಅಭ್ಯರ್ಥಿಯ ಉದ್ಯೋಗ ಸಂದರ್ಶನಕ್ಕೆ ಮೂರು ಅಣಕು ಸಂದರ್ಶನಗಳ ಪಾಠ

ಹಿನ್ನೆಲೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನ್ನನ್ನು ಎರಡು ವಾರಗಳ ಮಟ್ಟಿಗೆ ಕಿವುಡ ಯುವಜನರ ವೃತ್ತಿ ತರಬೇತಿ ಘಟಕವೊಂದಕ್ಕೆ ನಿಯೋಜಿಸಿದ್ದರು. ನನ್ನ ವಿಷಯ ಗಣಿತ ಮತ್ತು ಭೌತವಿಜ್ಞಾನ. ಆದರೆ ಅಲ್ಲಿನ ಆರು ವಿದ್ಯಾರ್ಥಿಗಳಿಗೆ ಆಗ ಬೇಕಾಗಿದ್ದುದು ಓಮನ ನಿಯಮವಲ್ಲ. ಅವರಲ್ಲಿ ಒಬ್ಬಾಕೆಗೆ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಡೇಟಾ ಎಂಟ್ರಿ ಸಹಾಯಕಿ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿತ್ತು. ದಿನಾಂಕಕ್ಕೆ ಇನ್ನೂ ಮೂರು ವಾರವಿತ್ತು. ಆಕೆಗೆ ಕಂಪ್ಯೂಟರ್ ಡಿಪ್ಲೊಮಾ ಆಗಿದೆ, ಹುಟ್ಟಿನಿಂದ ಕಿವುಡು, ಮಾತನಾಡುವುದಿಲ್ಲ, ಭಾರತೀಯ ಸಂಜ್ಞಾ ಭಾಷೆ ಬಳಸುತ್ತಾಳೆ. ಹಿಂದೆ ಎರಡು ಸಂದರ್ಶನಗಳಿಗೆ ಅಣ್ಣನನ್ನು ಕರೆದುಕೊಂಡು ಹೋಗಿದ್ದಳು. ಎರಡರಲ್ಲೂ ಕೆಲಸ ಸಿಗಲಿಲ್ಲ. “ಪ್ರಶ್ನೆ ಕೇಳಿದ್ದೆಲ್ಲ ಅಣ್ಣನಿಗೆ, ಉತ್ತರ ಹೇಳಿದ್ದೂ ಅಣ್ಣ. ನಾನು ಸುಮ್ಮನೆ ಕೂತಿದ್ದೆ ಮೇಡಂ” ಎಂದು ನನ್ನ ಪುಸ್ತಕದಲ್ಲಿ ಬರೆದು ತೋರಿಸಿದಳು.

ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು, ‘ಸಂದರ್ಶನ ಎದುರಿಸುವುದು’ ಎಂಬ ಘಟಕವನ್ನು 40 ನಿಮಿಷಗಳ ಮೂರು ಅವಧಿಗಳಿಗೆ ಯೋಜಿಸಿದೆ. ಪ್ರತಿ ಅವಧಿಯಲ್ಲೂ ಒಂದು ಅಣಕು ಸಂದರ್ಶನ. ನಮ್ಮ ಕಾಲೇಜಿನ ಇಬ್ಬರು ಸಹಪಾಠಿಗಳು ಸಂದರ್ಶಕರು, ಉಳಿದ ಐವರು ವಿದ್ಯಾರ್ಥಿಗಳು ವೀಕ್ಷಕರು. ಎಂಟು ಪ್ರಶ್ನೆ, ಪ್ರತಿ ಉತ್ತರಕ್ಕೆ ಐದು ಅಂಕ. ಮೊದಲ ಎರಡು ಸಂದರ್ಶನಗಳು ಎರಡು ವಿರುದ್ಧ ದಿಕ್ಕಿನಲ್ಲಿ ಕೆಟ್ಟವು. ನಾನು ಕಲಿತದ್ದು ಆ ಎರಡು ಸೋಲುಗಳಿಂದಲೇ ಆದ್ದರಿಂದ ಅವನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಪೀಠಿಕೆಯ ಚಟುವಟಿಕೆ: ತುಟಿ ಓದಿದರೆ ಸಾಲದೇ?

ಸಂದರ್ಶಕರಾಗಿ ಬರಲಿದ್ದ ಸಹಪಾಠಿಗಳು ಮೊದಲು ಕೇಳಿದ್ದು, “ನಿಧಾನವಾಗಿ ಮಾತಾಡಿದರೆ ಅವರಿಗೆ ತುಟಿ ನೋಡಿ ಗೊತ್ತಾಗುತ್ತಲ್ಲ, ದುಭಾಷಿ ಯಾಕೆ?” ಎಂದು. ನಿಜವಾದ ಸಂದರ್ಶಕರೂ ಇದನ್ನೇ ಕೇಳುತ್ತಾರೆ. ಆದ್ದರಿಂದ ವಾದ ಮಾಡದೆ ಒಂದು ಪ್ರಯೋಗ ಮಾಡಿದೆ. ಧ್ವನಿ ಹೊರಡಿಸದೆ ತುಟಿ ಮಾತ್ರ ಆಡಿಸಿ ‘ಮಾಮ’ ಎಂದೆ. ಒಬ್ಬರು ‘ಪಾಪ’ ಎಂದು ಬರೆದರು, ಇನ್ನೊಬ್ಬರು ‘ಬಾಬಾ’ ಎಂದು ಬರೆದರು. ಇಬ್ಬರದ್ದೂ ತಪ್ಪೆನ್ನುವಂತಿಲ್ಲ. ಪ, ಬ, ಮ ಮೂರೂ ಓಷ್ಠ್ಯಗಳು. ಅವುಗಳ ನಡುವಿನ ವ್ಯತ್ಯಾಸ ಇರುವುದು ಗಂಟಲಿನ ನಾದದಲ್ಲಿ ಮತ್ತು ಮೂಗಿನ ಗಾಳಿಯಲ್ಲಿ, ತುಟಿಯ ಮೇಲಲ್ಲ. ಕ, ಗ, ಹ ಮುಂತಾದವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಾಣುವುದೇ ಕಷ್ಟ. ತುಟಿ ಓದುವವರು ಕಂಡಷ್ಟನ್ನು ಹಿಡಿದು ಉಳಿದದ್ದನ್ನು ಸಂದರ್ಭದಿಂದ ಊಹಿಸುತ್ತಾರೆ. ಹೊಸ ಜನ, ಹೊಸ ಪ್ರಶ್ನೆ ಇರುವ ಸಂದರ್ಶನದಲ್ಲಿ ಊಹೆಗೆ ಆಸರೆ ಕಡಿಮೆ.

“ಹಾಗಾದರೆ ಬರೆದು ಕೇಳೋಣ” ಎಂಬುದು ಎರಡನೆಯ ಸಲಹೆ. ಒಂದೆರಡು ಪದಗಳಿಗೆ ಅದು ಒಳ್ಳೆಯದೇ. ಆದರೆ ಹುಟ್ಟು ಕಿವುಡರಲ್ಲಿ ಅನೇಕರಿಗೆ ಬರಹದ ಕನ್ನಡ, ಇಂಗ್ಲಿಷ್ ಎರಡೂ ಎರಡನೇ ಭಾಷೆಗಳು. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಉದಾಹರಣೆಗೆ, ಭಾರತೀಯ ಸಂಜ್ಞಾ ಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಕನ್ನಡದ ವಿಭಕ್ತಿ ಪ್ರತ್ಯಯಗಳಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ಬರಹದಲ್ಲಿ ಪ್ರತ್ಯಯ ತಪ್ಪಿದರೆ ಅದು ವಿಷಯ ಗೊತ್ತಿಲ್ಲದ್ದಕ್ಕೆ ಸಾಕ್ಷಿಯಲ್ಲ. ಸಂದರ್ಶಕರು ಹಾಗೆ ತಿಳಿಯುವ ಅಪಾಯ ಮಾತ್ರ ಇದ್ದೇ ಇದೆ.

ಮೊದಲ ಅಣಕು ಸಂದರ್ಶನ: ಸಹಾಯ ಹೆಚ್ಚಾದಾಗ

ಘಟಕದ ಶಿಕ್ಷಕರೊಬ್ಬರು ದುಭಾಷಿಯಾಗಲು ಒಪ್ಪಿದರು. ಸಂಜ್ಞೆಯಲ್ಲಿ ಅವರು ಪಳಗಿದವರು, ವಿದ್ಯಾರ್ಥಿಗಳ ಮೇಲೆ ಅಕ್ಕರೆ ಉಳ್ಳವರು. ಸಂದರ್ಶನ ಸಲೀಸಾಗಿ ನಡೆದು 40ಕ್ಕೆ 34 ಅಂಕ ಬಂತು. ಎಲ್ಲರೂ ಖುಷಿಪಟ್ಟೆವು.

ನನಗೆ ಒಂದೇ ಒಂದು ಉತ್ತರ ತೊಡಕಾಗಿ ಕಂಡಿತು. “ನಿಮ್ಮ ದೌರ್ಬಲ್ಯ ಏನು?” ಎಂಬ ಪ್ರಶ್ನೆಗೆ, “ನನ್ನ ಟೈಪಿಂಗ್ ವೇಗ ಕಡಿಮೆ, ಸುಧಾರಿಸಿಕೊಳ್ಳುತ್ತಿದ್ದೇನೆ” ಎಂಬ ಉತ್ತರ ಬಂದಿತ್ತು. ಆದರೆ ಆ ತರಗತಿಯಲ್ಲಿ ಅತಿ ವೇಗವಾಗಿ ಟೈಪ್ ಮಾಡುವವಳು ಅವಳೇ. ನಂತರ ವಿಚಾರಿಸಿದಾಗ ತಿಳಿಯಿತು: ಪ್ರಶ್ನೆ ಅವಳಿಗೆ ಅರ್ಥವಾಗಲಿಲ್ಲವೆಂದು ಶಿಕ್ಷಕರು ಉದಾಹರಣೆ ಕೊಟ್ಟಿದ್ದರು, “ಟೈಪಿಂಗ್ ನಿಧಾನ, ಹಾಗೇನಾದರೂ ಹೇಳು” ಎಂದು. ಅವಳು ಉದಾಹರಣೆಯನ್ನೇ ಒಪ್ಪಿಕೊಂಡಿದ್ದಳು. ಇನ್ನೆರಡು ಕಡೆ ಅವಳ ಚುಟುಕು ಉತ್ತರವನ್ನು ಶಿಕ್ಷಕರು ತಾವೇ ತುಂಬಿ ಹೇಳಿದ್ದರು.

ಅಣ್ಣ ಜೊತೆಗೆ ಬಂದಾಗ ಆಗಿದ್ದೂ ಇದೇ. ಮನೆಯವರು, ಶಿಕ್ಷಕರು, ಸ್ನೇಹಿತರು ಅಭ್ಯರ್ಥಿ ಗೆಲ್ಲಲಿ ಎಂದು ಬಯಸುವವರು. ದುಭಾಷಿಯ ಕೆಲಸ ಅದಲ್ಲ. ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ದಾಟಿಸುವುದು, ಕೇಳಿದ್ದನ್ನು ಹೊರಗೆ ಹೇಳದಿರುವುದು, ತಾನಾಗಿ ಸಲಹೆ ಕೊಡದಿರುವುದು ಅವರ ವೃತ್ತಿಧರ್ಮ. ಅಭ್ಯರ್ಥಿ “ನಾನು ಎರಡು ವರ್ಷ ಕೆಲಸ ಮಾಡಿದೆ” ಎಂದರೆ ದುಭಾಷಿಯೂ “ನಾನು” ಎಂದೇ ಹೇಳುತ್ತಾರೆ, “ಅವಳು ಹೇಳ್ತಿದ್ದಾಳೆ” ಎಂದು ಸೇರಿಸುವುದಿಲ್ಲ.

ಇಂಥ ಅತಿಸಹಾಯವನ್ನು ಗುರುತಿಸುವುದು ಹೇಗೆ? ಒಂದು ಸಾಲಿನ ಪ್ರಶ್ನೆಗೆ ಉದ್ದ ಸಂಜ್ಞೆ ನಡೆದರೆ ಮಾತ್ರಕ್ಕೆ ಅನುಮಾನಿಸಬಾರದು, ಕೆಲವು ಪದಗಳನ್ನು ಬಿಡಿಸಿಯೇ ಹೇಳಬೇಕಾಗುತ್ತದೆ. ಆದರೆ ದುಭಾಷಿ ಮತ್ತು ಅಭ್ಯರ್ಥಿಯ ನಡುವೆ ನಾಲ್ಕೈದು ಸಲ ಸಂಜ್ಞೆ ಹೋಗಿ ಬಂದು, ಸಂದರ್ಶಕರಿಗೆ ಒಂದೇ ನೀಟಾದ ವಾಕ್ಯ ಬಂದರೆ ನಡುವೆ ಏನೋ ಬೆರೆತಿದೆ ಎಂದರ್ಥ. ಅರ್ಥವಾಗದಿದ್ದರೆ ಅಭ್ಯರ್ಥಿಯೇ “ಪ್ರಶ್ನೆ ಅರ್ಥವಾಗಲಿಲ್ಲ, ಬೇರೆ ರೀತಿ ಕೇಳಿ” ಎಂದು ಸಂಜ್ಞೆ ಮಾಡಬೇಕು, ಅದು ಸಂದರ್ಶಕರಿಗೆ ಹಾಗೆಯೇ ತಲುಪಬೇಕು. ಅವಧಿಯ ಉಳಿದ ಹದಿನೈದು ನಿಮಿಷ ಆರೂ ಜನರಿಂದ ಈ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿಸಿದೆ. ಅವರಿಗೆ ಇದು ಸುಲಭವಿರಲಿಲ್ಲ. ಅರ್ಥವಾಗದಿದ್ದರೂ ತಲೆಯಾಡಿಸುವುದು ಶಾಲಾ ದಿನಗಳಿಂದ ಬಂದ ರೂಢಿ.

ಎರಡನೇ ಅಣಕು ಸಂದರ್ಶನ: ಸಿದ್ಧತೆ ಇಲ್ಲದಾಗ

ಎರಡನೇ ಬಾರಿಗೆ ಹೊರಗಿನ, ತರಬೇತಿ ಪಡೆದ ದುಭಾಷಿಯೊಬ್ಬರನ್ನು ವಿಡಿಯೊ ಕರೆಯ ಮೂಲಕ ಕರೆಸಿದೆವು. ಭಾರತೀಯ ಸಂಜ್ಞಾ ಭಾಷಾ ದುಭಾಷಿಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಡಿಪ್ಲೊಮಾ ಕೋರ್ಸು ಇದೆ. ನಾವು ಕರೆದವರು ಅದನ್ನು ಮುಗಿಸಿದವರು. ವೃತ್ತಿಪರರು ಬಂದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎಂದುಕೊಂಡು ಅವರಿಗೆ ಸಮಯ ಮತ್ತು ಲಿಂಕ್ ಬಿಟ್ಟು ಬೇರೇನನ್ನೂ ಕಳಿಸಲಿಲ್ಲ. ಇದು ನನ್ನ ತಪ್ಪು.

ನಾಲ್ಕನೇ ಪ್ರಶ್ನೆ: “ಇನ್‌ವಾಯ್ಸ್‌ಗೂ ರಸೀದಿಗೂ ವ್ಯತ್ಯಾಸವೇನು?” ಇನ್‌ವಾಯ್ಸ್ ಎಂದರೆ ಮಾರಿದವರು ಹಣ ಕೇಳಿ ಕೊಡುವ ಪತ್ರ, ರಸೀದಿ ಎಂದರೆ ಹಣ ಬಂದ ಮೇಲೆ ಕೊಡುವ ಒಪ್ಪಿಗೆ. ಅಭ್ಯರ್ಥಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಉತ್ತರ ಬಂದದ್ದು ಹೀಗೆ: “ನಂಬರ್ ಮತ್ತು ದಿನಾಂಕ ನೋಡುತ್ತೇನೆ. ನಂಬರ್ ಒಂದೇ ಇದ್ದರೆ ಎರಡು ಸಲ ನಮೂದಾಗಿದೆ ಎಂದರ್ಥ.” ಸಂದರ್ಶಕರು ಒಂದು ಅಂಕ ಕೊಟ್ಟು, ‘ಮೂಲ ಪರಿಕಲ್ಪನೆ ಸ್ಪಷ್ಟವಿಲ್ಲ’ ಎಂದು ಷರಾ ಬರೆದರು.

ವೀಕ್ಷಕರಾಗಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬ ತಕ್ಷಣ ಕೈ ಎತ್ತಿದ. ದುಭಾಷಿ ಎರಡೂ ಪದಗಳಿಗೆ ‘ಬಿಲ್’ ಎಂಬ ಒಂದೇ ಸಂಜ್ಞೆ ಮಾಡಿದ್ದರು. ಅಭ್ಯರ್ಥಿಗೆ ತಲುಪಿದ ಪ್ರಶ್ನೆ “ಬಿಲ್, ಬಿಲ್, ವ್ಯತ್ಯಾಸ ಹೇಗೆ?” ಎಂದು. ಆ ಪ್ರಶ್ನೆಗೆ ಅವಳ ಉತ್ತರ ಪೂರ್ತಿ ಸರಿ. ತಪ್ಪು ಹಾದಿಯಲ್ಲಿ ಆಯಿತು, ಅಂಕ ಹೋದದ್ದು ಅವಳದ್ದು. ಕೇಳಿಸುವವರ ಕಡೆಯಿಂದ ನೋಡಿದರೆ ದಾಟಿಸುವಾಗಿನ ತಪ್ಪು ಯಾವಾಗಲೂ ಅಭ್ಯರ್ಥಿಯ ಅಜ್ಞಾನದಂತೆಯೇ ಕಾಣುತ್ತದೆ. ಈ ಇಡೀ ಘಟಕದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇದು.

ಇದಕ್ಕೂ ಒಂದು ಗುರುತು ಇದೆ. ನಿಜವಾಗಿ ಗೊತ್ತಿಲ್ಲದವರು ತಡವರಿಸುತ್ತಾರೆ. ಪ್ರಶ್ನೆ ಬೇರೆಯಾಗಿ ತಲುಪಿದವರು ತಡವರಿಸದೆ, ಆತ್ಮವಿಶ್ವಾಸದಿಂದ, ಬೇರೆಯೇ ಪ್ರಶ್ನೆಗೆ ಉತ್ತರಿಸುತ್ತಾರೆ. ಸರಾಗವಾದ ಆದರೆ ಪ್ರಶ್ನೆಗೆ ಹೊಂದದ ಉತ್ತರ ಬಂದರೆ ಸಂದರ್ಶಕರು ಅಂಕ ಹಾಕುವ ಮೊದಲು ಪದವನ್ನು ಚೀಟಿಯಲ್ಲಿ ಬರೆದು ತೋರಿಸಬೇಕು. ಆದರೆ ಸಂದರ್ಶಕರು ಹಾಗೆ ಮಾಡುತ್ತಾರೆಂದು ನಂಬಿ ಕೂರುವಂತಿಲ್ಲವಲ್ಲ. ಅಭ್ಯರ್ಥಿಯ ಕೈಯಲ್ಲಿರುವ ಉಪಾಯ ಯಾವುದು ಎಂಬುದೇ ಮೂರನೇ ಪಾಠದ ವಸ್ತುವಾಯಿತು.

ಮೂರನೇ ಅವಧಿಗೆ ಪೂರ್ವಸಿದ್ಧತೆ

ದುಭಾಷಿಗೆ ಎರಡು ದಿನ ಮೊದಲೇ ಮೂರು ಕಾಗದ ಕಳಿಸಿದೆವು: ಹುದ್ದೆಯ ಜಾಹೀರಾತು, ಅಭ್ಯರ್ಥಿಯ ಸ್ವವಿವರ, ಮತ್ತು ಹದಿನೈದು ಪದಗಳ ಪಟ್ಟಿ. ಪಟ್ಟಿಯನ್ನು ಅಭ್ಯರ್ಥಿಯೇ ಮಾಡಿದಳು: ಇನ್‌ವಾಯ್ಸ್, ರಸೀದಿ, ವೋಚರ್, ಜಿಎಸ್‌ಟಿ, ಲೆಡ್ಜರ್, ಎಕ್ಸೆಲ್‌ನ VLOOKUP ಹೀಗೆ. ಸಂದರ್ಶನದ ಹಿಂದಿನ ದಿನ ಇಬ್ಬರೂ ವಿಡಿಯೊದಲ್ಲಿ ಹದಿನೈದು ನಿಮಿಷ ಕೂತು, ಪ್ರತಿ ಪದಕ್ಕೂ ಅವಳು ಬಳಸುವ ಸಂಜ್ಞೆ ಯಾವುದು ಎಂದು ಗೊತ್ತುಮಾಡಿಕೊಂಡರು. ಸಂಜ್ಞೆ ಇಲ್ಲದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಿನಿಂದ ಬಿಡಿಸುವುದೆಂದು ತೀರ್ಮಾನವಾಯಿತು. ಸಂಜ್ಞೆಗಳು ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ ಬದಲಾಗುವುದೂ ಉಂಟು. ಆದ್ದರಿಂದ ಈ ಭೇಟಿಯಿಂದ ಇಬ್ಬರಿಗೂ ಪರಸ್ಪರರ ಶೈಲಿ ಹೊಂದಿತು.

ಎರಡನೆಯದು ಆಸನ ವ್ಯವಸ್ಥೆ. ದುಭಾಷಿ ಅಭ್ಯರ್ಥಿಯ ಪಕ್ಕದಲ್ಲಿ ಕೂರುವುದು ಸಹಜವೆನಿಸುತ್ತದೆ, ಆದರೆ ಆಗ ಅವಳು ಕತ್ತು ತಿರುಗಿಸಿ ಅವರನ್ನೇ ನೋಡಬೇಕು, ಸಂದರ್ಶಕರ ಮುಖ ತಪ್ಪಿಹೋಗುತ್ತದೆ. ಅವರು ಸಂದರ್ಶಕರ ಪಕ್ಕದಲ್ಲಿ, ತುಸು ಹಿಂದೆ, ಅಭ್ಯರ್ಥಿಗೆ ಎದುರಾಗಿ ಇರಬೇಕು. ನಾವು ಲ್ಯಾಪ್‌ಟಾಪನ್ನು ಆ ಜಾಗದಲ್ಲೇ ಇಟ್ಟೆವು. ಅವರ ಬೆನ್ನ ಹಿಂದೆ ಕಿಟಕಿ ಇರಬಾರದು, ಬೆಳಕು ಹಿಂದಿನಿಂದ ಬಿದ್ದರೆ ಕೈ, ಮುಖ ಎರಡೂ ಕಪ್ಪಾಗಿ ಕಾಣುತ್ತವೆ. ಸಂಜ್ಞೆಯಲ್ಲಿ ಮುಖಭಾವವೂ ವ್ಯಾಕರಣದ ಭಾಗ. ಹುಬ್ಬು ಕಾಣದಿದ್ದರೆ ಪ್ರಶ್ನೆಯೋ ಹೇಳಿಕೆಯೋ ತಿಳಿಯದು.

ಮೂರನೆಯದು, ಅಭ್ಯರ್ಥಿ ಸಂದರ್ಶನದ ಆರಂಭದಲ್ಲಿ ತನ್ನ ಸಂವಹನದ ಅಗತ್ಯವನ್ನು ತಾನೇ ವಿವರಿಸುವುದು. ಅಂಗವಿಕಲರ ಗುರುತಿನ ಚೀಟಿಯಲ್ಲಿ ಶೇಕಡಾ ಎಷ್ಟು ಎಂದು ಇರುತ್ತದೆ, ಆದರೆ ಆ ಅಂಕಿಯಿಂದ ಸಂದರ್ಶಕರಿಗೆ ತಾವು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾಲ್ಕು ವಾಕ್ಯ ಸಿದ್ಧಪಡಿಸಿದಳು:

“ನಾನು ಕಿವುಡಿ, ಸಂಜ್ಞಾ ಭಾಷೆ ಬಳಸುತ್ತೇನೆ. ದಯವಿಟ್ಟು ನನ್ನನ್ನೇ ನೋಡಿ ಪ್ರಶ್ನೆ ಕೇಳಿ, ದುಭಾಷಿಯನ್ನಲ್ಲ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ, ದುಭಾಷಿ ಕೆಲವು ಸೆಕೆಂಡು ಹಿಂದಿರುತ್ತಾರೆ. ಪ್ರಶ್ನೆ ಸರಿಯಾಗಿ ತಲುಪಿದೆಯೇ ಎಂದು ನೋಡಲು ಕೆಲವೊಮ್ಮೆ ನಾನು ಪ್ರಶ್ನೆಯನ್ನು ತಿರುಗಿ ಹೇಳುತ್ತೇನೆ.”

ಕೊನೆಯ ವಾಕ್ಯವೇ ಎರಡನೇ ಸಂದರ್ಶನದ ತಪ್ಪಿಗೆ ಮದ್ದು. ವಿಷಯಜ್ಞಾನದ ಪ್ರಶ್ನೆ ಬಂದಾಗ ಉತ್ತರಿಸುವ ಮೊದಲು “ನೀವು ಕೇಳಿದ್ದು ಇಂಥದ್ದಕ್ಕೂ ಇಂಥದ್ದಕ್ಕೂ ವ್ಯತ್ಯಾಸ, ಅಲ್ಲವೇ?” ಎಂದು ಹೇಳಿದರೆ, ಪದ ತಪ್ಪಾಗಿ ದಾಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲ ಪ್ರಶ್ನೆಗೂ ಹೀಗೆ ಮಾಡಿದರೆ ಸಮಯ ಹಾಳು. ಪಾರಿಭಾಷಿಕ ಪದ ಇರುವ ಪ್ರಶ್ನೆಗೆ ಮಾತ್ರ ಎಂದು ನಿಯಮ ಮಾಡಿಕೊಂಡೆವು.

ಮೂರನೇ ಅಣಕು ಸಂದರ್ಶನ

ಈ ಸಲ ಸಂದರ್ಶಕರು ಪ್ರಶ್ನೆ ಬದಲಿಸಿ, “ವೋಚರ್ ಇಲ್ಲದೆ ರಸೀದಿ ಮಾತ್ರ ಬಂದರೆ ನಮೂದಿಸುತ್ತೀರಾ?” ಎಂದು ಕೇಳಿದರು. ದುಭಾಷಿ ಎರಡು ಪದಗಳನ್ನೂ ಬೆರಳಿನಿಂದ ಬಿಡಿಸಿದರು. ಅಭ್ಯರ್ಥಿ ಪ್ರಶ್ನೆಯನ್ನು ತಿರುಗಿ ಹೇಳಿ, “ನಮೂದಿಸುವುದಿಲ್ಲ, ಮೇಲಿನವರಿಗೆ ತೋರಿಸಿ ವೋಚರ್ ಪಡೆದ ಮೇಲೆ ನಮೂದಿಸುತ್ತೇನೆ” ಎಂದಳು. ಐದಕ್ಕೆ ಐದು. ಒಟ್ಟು 31. ಮೊದಲ ದಿನಕ್ಕಿಂತ ಮೂರು ಕಡಿಮೆ. ಆದರೆ ಈ 31 ಅವಳದ್ದೇ.

ಒಂದು ಕಡೆ ಮಾತ್ರ ಅವಳು ನಿಂತುಹೋದಳು: “ಫೋನ್ ಬಂದರೆ ಏನು ಮಾಡುತ್ತೀರಿ?” ಇದು ಅವಮಾನಿಸುವ ಪ್ರಶ್ನೆಯೆಂದು ಅವಳಿಗೆ ಅನಿಸಿತ್ತು. ಸಂದರ್ಶಕರಿಗೆ ಇದು ನಿಜವಾದ ಸಂದೇಹ ಎಂದು ಚರ್ಚಿಸಿ, ಕೆಲಸದ ಮಾತಿನಲ್ಲೇ ಉತ್ತರ ಕಟ್ಟಿದೆವು: “ಈ ಹುದ್ದೆಯಲ್ಲಿ ಮುಖ್ಯ ಕೆಲಸ ನಮೂದು. ಸಹೋದ್ಯೋಗಿಗಳು ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರೆದರೆ ಉತ್ತರಿಸುತ್ತೇನೆ. ಹೊರಗಿನ ಕರೆಗಳನ್ನು ಇನ್ನೊಬ್ಬರು ತೆಗೆದುಕೊಂಡರೆ, ಅವರ ನಮೂದಿನ ಕೆಲಸದಲ್ಲಿ ಒಂದು ಪಾಲು ನಾನು ಮಾಡುತ್ತೇನೆ.” ಕೊನೆಯ ವಾಕ್ಯ ಅವಳದ್ದು. ನನಗೆ ಹೊಳೆದಿರಲಿಲ್ಲ.

ಸಮಯವನ್ನೂ ಗಮನಿಸಿದೆ. ಇದೇ ಎಂಟು ಪ್ರಶ್ನೆಗಳನ್ನು ನನ್ನ ಸಹಪಾಠಿಗೆ ನೇರವಾಗಿ ಕೇಳಿದಾಗ 14 ನಿಮಿಷ ಹಿಡಿದಿತ್ತು. ದುಭಾಷಿಯ ಮೂಲಕ 21 ನಿಮಿಷ. ಆದ್ದರಿಂದ 20 ನಿಮಿಷದ ಸಂದರ್ಶನವಾದರೆ 30 ನಿಮಿಷ ಕೇಳಿಕೊಳ್ಳಬೇಕು, ಇಲ್ಲದಿದ್ದರೆ ಕೊನೆಯ ಪ್ರಶ್ನೆಗಳು ಬಿಟ್ಟುಹೋಗುತ್ತವೆ. ಒಂದು ಗಂಟೆಗೂ ಮೀರಿದ ಕಾರ್ಯಕ್ರಮವಾದರೆ ಇಬ್ಬರು ದುಭಾಷಿಗಳು ಬೇಕು, ಅವರು 20–30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ದಣಿದಂತೆ ತಪ್ಪು ಹೆಚ್ಚುತ್ತದೆ.

ಸಂಸ್ಥೆಗೆ ಬರೆಯುವುದು

ಇದೆಲ್ಲ ನಡೆಯಬೇಕಾದರೆ ಸಂಸ್ಥೆಗೆ ಮೊದಲೇ ತಿಳಿಸಬೇಕು. ಸಂದರ್ಶನದ ಕರೆ ಬಂದ ಕೂಡಲೇ, ಸ್ವೀಕರಿಸುವ ಉತ್ತರದಲ್ಲಿಯೇ ಬರೆಯುವುದು ಸೂಕ್ತ ಎಂದು ನಾವು ಕಂಡುಕೊಂಡೆವು. ಸ್ವವಿವರದಲ್ಲಿ ಮೊಬೈಲ್ ಸಂಖ್ಯೆಯ ಪಕ್ಕ ‘ಸಂದೇಶ ಮಾತ್ರ, ಕರೆ ಬೇಡ’ ಎಂದು ಇರಲೇಬೇಕು. ಎತ್ತದ ಕರೆಯಿಂದ ಅವಕಾಶ ತಪ್ಪಿದ ಅನುಭವ ಆರು ಜನರಲ್ಲಿ ಮೂವರಿಗಿತ್ತು. ಅಭ್ಯರ್ಥಿ ಕಳಿಸಿದ ಪತ್ರ ಇದು, ಎಲ್ಲರೂ ನಕಲು ಮಾಡಿಕೊಂಡರು:

“ಮಾನ್ಯರೇ, ಸಂದರ್ಶನಕ್ಕೆ ಕರೆದಿದ್ದಕ್ಕೆ ವಂದನೆಗಳು. ನಿಗದಿತ ದಿನ ಹಾಜರಾಗುತ್ತೇನೆ. ನಾನು ಕಿವುಡಿ, ಭಾರತೀಯ ಸಂಜ್ಞಾ ಭಾಷೆ ಬಳಸುತ್ತೇನೆ. ಸಂದರ್ಶನಕ್ಕೆ ಸಂಜ್ಞಾ ಭಾಷಾ ದುಭಾಷಿಯ ಅಗತ್ಯವಿದೆ. ಸಂಸ್ಥೆಯಿಂದ ವ್ಯವಸ್ಥೆ ಮಾಡಲು ಸಾಧ್ಯವೇ? ಇಲ್ಲದಿದ್ದರೆ ದುಭಾಷಿ ವಿಡಿಯೊ ಕರೆಯಲ್ಲಿ ಸೇರಲು ಒಂದು ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಸಂಪರ್ಕ ಸಾಕು. ಸಂದರ್ಶನಕ್ಕೆ 10 ನಿಮಿಷ ಹೆಚ್ಚು ಸಮಯ ಕೋರುತ್ತೇನೆ. ದಯವಿಟ್ಟು ಇಮೇಲ್ ಮೂಲಕ ತಿಳಿಸಿ.”

ಪತ್ರದಲ್ಲಿ ಕಾಯ್ದೆಯ ಉಲ್ಲೇಖ ಬೇಕೆ ಎಂಬ ಚರ್ಚೆ ನಡೆಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ‘ಸೂಕ್ತ ಹೊಂದಾಣಿಕೆ’ಯನ್ನು ವ್ಯಾಖ್ಯಾನಿಸುತ್ತದೆ. ಆದರೆ 20ನೇ ಸೆಕ್ಷನ್ ಅದನ್ನು ಉದ್ಯೋಗಿಗಳಿಗೆ ಒದಗಿಸಬೇಕೆಂದು ನೇರವಾಗಿ ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. 21ನೇ ಸೆಕ್ಷನ್ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಆ ನೀತಿ ವಿವರವಾಗಿರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಹಾಗಾಗಿ ಖಾಸಗಿ ಸಂಸ್ಥೆಗೆ ಬರೆಯುವಾಗ ಮೊದಲು ಅವರ ನೀತಿ ಪತ್ರವನ್ನು ಜಾಲತಾಣದಲ್ಲಿ ಹುಡುಕಿ, ಇದ್ದರೆ ಅದನ್ನೇ ಉಲ್ಲೇಖಿಸುವುದು ಒಳ್ಳೆಯದು ಎಂದು ನಿರ್ಧರಿಸಿದೆವು.

ಮೊದಲ ಉತ್ತರ ಬಂತು: “ಮನೆಯಿಂದ ಯಾರನ್ನಾದರೂ ಕರೆತನ್ನಿ.” ಅವಳು ಮತ್ತೆ ಬರೆದಳು: “ಮನೆಯವರು ನನ್ನ ಪರವಾಗಿ ಉತ್ತರಿಸಿಬಿಡುತ್ತಾರೆ. ನನ್ನ ಉತ್ತರ ನಿಮಗೆ ತಿಳಿಯಬೇಕೆಂದರೆ ದುಭಾಷಿ ಬೇಕು.” ಅವರು ವಿಡಿಯೊ ದುಭಾಷಿಗೆ, 30 ನಿಮಿಷಕ್ಕೆ ಒಪ್ಪಿದರು. ಶುಲ್ಕ ಕೊಡಲು ಒಪ್ಪಲಿಲ್ಲ, ಅದನ್ನು ತರಬೇತಿ ಘಟಕವೇ ಭರಿಸಿತು. ಎಲ್ಲ ಅಭ್ಯರ್ಥಿಗಳಿಗೂ ಅಂಥ ಆಸರೆ ಇರುವುದಿಲ್ಲ. ಈ ಪಾಠದಿಂದ ಬಗೆಹರಿಯದೆ ಉಳಿದ ತೊಡಕು ಅದು.

ಅವಲೋಕನ

ಮಾರ್ಗದರ್ಶಕರು ನನ್ನ ಪಾಠದ ಕೊರತೆಯನ್ನೂ ಗುರುತಿಸಿದರು. ವಿವರಿಸುವಾಗ ನಾನು ಎರಡು ಸಲ ಕಪ್ಪುಹಲಗೆಯಲ್ಲಿ ಬರೆಯುತ್ತಲೇ ಮಾತನಾಡಿದ್ದೆ. ವಿದ್ಯಾರ್ಥಿಗಳು ಹಲಗೆ ನೋಡಬೇಕೋ ದುಭಾಷಿಯನ್ನು ನೋಡಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ನೋಡಿದರು. ಮೊದಲು ಬರೆದು, ಓದಲು ಬಿಟ್ಟು, ಆಮೇಲೆ ತಿರುಗಿ ಮಾತನಾಡಬೇಕು. ಇನ್ನೊಂದು, ಅಂಕಪಟ್ಟಿಯಲ್ಲಿ ‘ಉತ್ತರ’ ಎಂಬ ಒಂದೇ ಕಾಲಂ ಇಟ್ಟಿದ್ದೆ. ‘ಪ್ರಶ್ನೆ ತಲುಪಿತೇ?’ ಎಂಬ ಕಾಲಂ ಅದರ ಮುಂದೆ ಇದ್ದಿದ್ದರೆ ಎರಡನೇ ದಿನದ ಆ ಒಂದು ಅಂಕ ಬೀಳುತ್ತಲೇ ಇರಲಿಲ್ಲ. ಈಗ ನನ್ನ ಮಾದರಿ ಪಟ್ಟಿಯಲ್ಲಿ ಆ ಕಾಲಂ ಸೇರಿಸಿದ್ದೇನೆ, ಮುಂದಿನ ತಂಡದವರು ಬಳಸಬಹುದು.

ಸಂದರ್ಶನ ಮುಗಿದ ಸಂಜೆ ಆಕೆಯಿಂದ ಸಂದೇಶ ಬಂತು: “ಎರಡನೇ ಸುತ್ತಿಗೆ ಕರೆದಿದ್ದಾರೆ ಮೇಡಂ. ಕೆಲಸ ಸಿಗುತ್ತದೋ ಗೊತ್ತಿಲ್ಲ. ಅಣ್ಣ ಹೊರಗೆ ಬೈಕ್ ಹತ್ತಿರ ಕಾಯ್ತಿದ್ದ. ಒಳಗೆ ಏನು ಕೇಳಿದರು ಅಂತ ನನ್ನನ್ನೇ ಕೇಳಿದ.”